ಬನ್ನಿ ಬಂಗಾರ ಗಡಿ ದಾಟುವಾಗ

ವಿಜಯದಶಮಿಯ ಸಂಜೆ ಉತ್ತರ ಕರ್ನಾಟಕದ ಊರುಗಳಲ್ಲಿ ಬನ್ನಿ ಮುಡಿದು ಬಂದ ಜನ ಮನೆಯಿಂದ ಮನೆಗೆ ಓಡಾಡುತ್ತಾರೆ. ಕಿರಿಯರು ಹಿರಿಯರ ಕೈಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳುತ್ತಾರೆ, ಓರಗೆಯವರು ಎಲೆ ಬದಲಿಸಿಕೊಳ್ಳುತ್ತಾರೆ. ಆಗ ಆಡುವ ಮಾತು ಒಂದೇ: “ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ್ರಿ.” ಗಡಿಯಾಚೆಯ ಮಹಾರಾಷ್ಟ್ರದಲ್ಲೂ ಅದೇ ಸಂಜೆ ಎಲೆ ಕೈ ಬದಲಾಗುತ್ತದೆ, ಅಲ್ಲಿಯ ಮಾತಿನಲ್ಲೂ ಬಂಗಾರ ಇದೆ: “ಸೋನಂ ಘ್ಯಾ, ಸೋನ್ಯಾಸಾರಖಂ ರಾಹಾ.” ಎರಡನ್ನೂ ಅಕ್ಕಪಕ್ಕ ಇಟ್ಟರೆ ಅವಳಿಜವಳಿ ಎನಿಸುತ್ತವೆ. ಆದರೆ ಒಂದನ್ನು ಇನ್ನೊಂದಕ್ಕೆ ತಿರುಗಿಸಲು ಕೂತವರಿಗೆ ಅವು ಎಷ್ಟು ಬೇರೆ ಎಂಬುದು ಗೊತ್ತಾಗುತ್ತದೆ.

ಮೊದಲ ವ್ಯತ್ಯಾಸ ಎಲೆಯದೇ. ನಮ್ಮ ಬನ್ನಿ ಎಂದರೆ ಶಮೀವೃಕ್ಷ, ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧ ಬಚ್ಚಿಟ್ಟ ಮರ. ಮಹಾರಾಷ್ಟ್ರದಲ್ಲಿ ಹೆಚ್ಚಾಗಿ ಹಂಚುವುದು ಆಪಟಾ ಮರದ ಎಲೆ, ಹಸುವಿನ ಗೊರಸಿನಂತೆ ಎರಡಾಗಿ ಸೀಳಿದ್ದು. ಎಲೆಗೆ ಬಂಗಾರದ ನಂಟು ಬಂದದ್ದು ರಘು ಮಹಾರಾಜನ ಕಥೆಯಿಂದ ಎನ್ನುತ್ತಾರೆ. ಗುರು ವರತಂತುವಿಗೆ ದಕ್ಷಿಣೆಯಾಗಿ 14 ಕೋಟಿ ಹೊನ್ನು ಕೊಡಬೇಕಾಗಿದ್ದ ಕೌತ್ಸ ರಘುವಿನ ಬಳಿ ಬಂದ, ರಘುವಿಗಾಗಿ ಕುಬೇರ ಹೊನ್ನಿನ ಮಳೆ ಸುರಿಸಿದ. ಆ ಮಳೆ ಮರದ ಮೇಲೆ ಬಿತ್ತು ಎಂಬುದು ಜನ ಹೇಳಿಕೊಂಡು ಬಂದ ಭಾಗ. ಹಾಗಾಗಿ ಮರಾಠಿಗರು ಎಲೆಯನ್ನು ಎಲೆ ಎನ್ನದೆ ನೇರವಾಗಿ ‘ಸೋನಂ’ ಎನ್ನುತ್ತಾರೆ. ತೆಲಂಗಾಣದಲ್ಲಿ ದಸರೆಗೆ ಹಂಚುವ ಜಮ್ಮಿ ಎಲೆಗೂ ಬಂಗಾರವೆಂದೇ ಹೆಸರು. ಕನ್ನಡದ ಮಾತಿನಲ್ಲಿ ಮಾತ್ರ ಎಲೆ ಬನ್ನಿಯಾಗಿಯೇ ಉಳಿದು, ಬಂಗಾರ ಹೋಲಿಕೆಯಲ್ಲಿ ಬರುತ್ತದೆ.

ಆದ್ದರಿಂದ ಮರಾಠಿ ಮಾತನ್ನು “ಬಂಗಾರ ತಗೊಳ್ಳಿ, ಬಂಗಾರದ ಹಾಗೆ ಇರಿ” ಎಂದು ಕನ್ನಡಕ್ಕೆ ತಂದರೆ, ಓದಿದವರಿಗೆ ಒಡವೆ ಅಂಗಡಿಯ ಜಾಹೀರಾತು ಕಣ್ಣಿಗೆ ಬರುತ್ತದೆ. ಅಲ್ಲಿಯ ‘ಸೋನಂ’ ಇಲ್ಲಿ ‘ಬನ್ನಿ’ ಆಗಲೇಬೇಕು, ಇಲ್ಲಿಯ ‘ಬನ್ನಿ’ ಅಲ್ಲಿ ‘ಸೋನಂ’ ಆಗಬೇಕು. ಮರ ಬದಲಾಯಿತಲ್ಲ ಎಂದು ಕೊರಗಬೇಕಿಲ್ಲ. ಹಬ್ಬದ ಮಾತಿನಲ್ಲಿ ಉಳಿಯಬೇಕಾದ್ದು ಮರದ ಜಾತಿಯಲ್ಲ, ಕೈಯಿಂದ ಕೈಗೆ ಹೋಗುವ ಎಲೆಯ ಬೆಲೆ.

ಇದಕ್ಕಿಂತ ಸೂಕ್ಷ್ಮವಾದದ್ದು ಮಾತಿನ ಕೊನೆಯ ಕ್ರಿಯಾಪದದಲ್ಲಿದೆ. ಮರಾಠಿಯ ‘ರಾಹಾ’ ಎಂದರೆ ಇರು ಅಥವಾ ಇರಿ. ಹಾರೈಕೆ ಕೇಳುವವರ ಮೇಲಿದೆ. ಕನ್ನಡದ ‘ಇರೋಣ’ದಲ್ಲಿ ಹೇಳುವವರೂ ಕೇಳುವವರೂ ಸೇರಿದ್ದಾರೆ. ನಮ್ಮಿಬ್ಬರ ನಡುವಿನ ಸಂಬಂಧ ಚೊಕ್ಕ ಬಂಗಾರದ ಹಾಗೆ ಇರಲಿ, ವರ್ಷದಲ್ಲಿ ಬಂದ ಮನಸ್ತಾಪ ಇಲ್ಲಿಗೆ ಮುಗಿಯಲಿ ಎಂಬುದು ಅದರ ಒಳಗಿನ ಮಾತು. ಮಾತು ಬಿಟ್ಟಿದ್ದ ದಾಯಾದಿಗಳೂ ಆ ಸಂಜೆ ಬನ್ನಿ ಕೊಟ್ಟು ಒಂದಾಗುವುದು ಈ ‘ಓಣ’ದ ಬಲದಿಂದಲೇ ಎಂದು ನಾನು ನಂಬಿದ್ದೇನೆ. ಅದನ್ನು ‘ನೀವು ಚೆನ್ನಾಗಿರಿ’ ಎಂದು ತಿರುಗಿಸಿದರೆ ಹಬ್ಬದ ಅರ್ಧ ಕೈಬಿಟ್ಟಂತೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಧಾರವಾಡದ ಹುಡುಗ ಪುಣೆಯ ಮರಾಠಿ ಹುಡುಗಿಯನ್ನು ಮದುವೆಯಾಗಿದ್ದಾನೆ, ಮೊದಲ ದಸರೆಗೆ ಮಾವನಿಗೆ ನಾಲ್ಕು ಸಾಲು ಬರೆಯಬೇಕು. ಮನಸ್ಸಿನಲ್ಲಿರುವುದು “ಮಾವಾರ, ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ್ರಿ” ಎಂಬ ಮಾತು. ನಿಘಂಟು ತೆರೆದರೆ ‘ನಾವು’ ಎಂಬುದಕ್ಕೆ ‘ಆಮ್ಹಿ’ ಸಿಗುತ್ತದೆ. “ಆಮ್ಹಿ ಸೋನ್ಯಾಸಾರಖೇ ರಾಹೂ” ಎಂದು ಬರೆದು ಕಳಿಸಿದರೆ ಮಾವ ಓದುವುದು ಹೀಗೆ: ನಾವು ಬಂಗಾರದ ಹಾಗೆ ಇರುತ್ತೇವೆ, ನೀವು ಆ ಲೆಕ್ಕದಲ್ಲಿಲ್ಲ! ಮರಾಠಿಯಲ್ಲಿ ‘ನಾವು’ ಎರಡು ಬಗೆ. ಕೇಳುವವರನ್ನು ಹೊರಗಿಟ್ಟ ನಾವು ‘ಆಮ್ಹಿ’, ಒಳಗೆ ಸೇರಿಸಿಕೊಂಡ ನಾವು ‘ಆಪಣ’. ತೆಲುಗಿನ ಮೇಮು, ಮನಂ ಕೂಡ ಹೀಗೆಯೇ. ಇಂದಿನ ಕನ್ನಡದ ‘ನಾವು’ ಎರಡಕ್ಕೂ ನಡೆಯುವುದರಿಂದ ಕನ್ನಡಿಗರು ಎಡವುವ ಜಾಗ ಇದೇ.

‘ಆಪಣ’ ಹಾಕಿದರೆ ಮುಗಿಯಿತೇ? ಅದೇ ಪದ ಬಹಳ ಗೌರವದ ‘ತಾವು’ ಕೂಡ ಆಗುತ್ತದೆ. “ಆಪಣ ರಾಹೂಯಾ” ಎಂದರೆ ಕೂಡಿ ಇರೋಣ, “ಆಪಣ ರಾಹಾವೇ” ಎಂದರೆ ತಾವು ಇರಬೇಕು. ಅರ್ಥ ತೀರ್ಮಾನಿಸುವುದು ಕ್ರಿಯಾಪದದ ಬಾಲ.

ಇನ್ನು ಮರ್ಯಾದೆಯ ಪ್ರಶ್ನೆ. ಕನ್ನಡದ ಮಾತಿನಲ್ಲಿ ಗೌರವವೆಲ್ಲ ಕೂತಿರುವುದು ಕೊನೆಯ ‘ರಿ’ಯಲ್ಲಿ. ‘ಇರೋಣ’ ಇಬ್ಬರನ್ನೂ ಸಮನಾಗಿಸುತ್ತದೆ, ‘ರಿ’ ಕಿರಿಯನನ್ನು ಅವನ ಜಾಗದಲ್ಲಿ ನಿಲ್ಲಿಸುತ್ತದೆ. ಮರಾಠಿಯಲ್ಲಿ ಅಂಥ ಬಾಲ ಇಲ್ಲ. ‘ರಾಹಾ’ ಏಕವಚನಕ್ಕೂ ಬಹುವಚನಕ್ಕೂ ಒಂದೇ ರೂಪ. ಗೌರವ ಗೊತ್ತಾಗುವುದು ಮೊದಲ ಭಾಗದಿಂದ. ‘ಘೇ’ ಎಂದರೆ ತಗೋ, ‘ಘ್ಯಾ’ ಎಂದರೆ ತಗೊಳ್ಳಿ. ಆ ಒಂದು ಅಕ್ಷರ ತಪ್ಪಿದರೆ ಇಡೀ ಶುಭಾಶಯ ಏಕವಚನಕ್ಕೆ ಇಳಿಯುತ್ತದೆ. ಹಾಗೆಂದು ‘ಘ್ಯಾ’ ಬರೆದರೂ, ಅಳಿಯ ಮಾವನಿಗೆ “ಬಂಗಾರದ ಹಾಗೆ ಇರಿ” ಎನ್ನುವಾಗ ಹಾರೈಕೆ ಹಿರಿಯರು ಹರಸಿದಂತೆ ಕೇಳುವ ಅಪಾಯವಿದೆ. ಹರಕೆ ಮೇಲಿನಿಂದ ಕೆಳಗೆ ಬರಬೇಕು, ಕೆಳಗಿನಿಂದ ಹೋಗಬೇಕಾದ್ದು ನಮಸ್ಕಾರ. ಈ ವಿಷಯದಲ್ಲಿ ಎರಡೂ ಕಡೆಯ ಮನೆಗಳು ಒಂದೇ.

ಇದಕ್ಕೆ ಹಳೆಯ ಕಾಗದಗಳಲ್ಲಿ ದಾರಿ ಇದೆ. ಕನ್ನಡದ ಪತ್ರಗಳಲ್ಲಿ ತಂದೆಗೆ ‘ತೀರ್ಥರೂಪ’, ತಂದೆಗೆ ಸಮನಾದ ಹಿರಿಯರಿಗೆ ‘ತೀರ್ಥರೂಪ ಸಮಾನರಾದ’ ಎಂದು ಬರೆಯುತ್ತಿದ್ದರು. ಮರಾಠಿಯಲ್ಲಿ ಸ್ವಂತ ತಂದೆ ‘ತೀರ್ಥರೂಪ’, ಉಳಿದ ಹಿರಿಯರು ‘ತೀರ್ಥಸ್ವರೂಪ’. ಇಷ್ಟು ಚೆನ್ನಾಗಿ ಹೊಂದುವ ಜೋಡಿ ಅನುವಾದಕರಿಗೆ ಅಪರೂಪಕ್ಕೆ ಸಿಗುತ್ತದೆ. ಮಾವ ಎಂಬುದಕ್ಕೆ ಮಾತ್ರ ನಿಘಂಟಿನ ‘ಸಾಸರೇ’ ಹಾಕಬಾರದು, ಅದು ಅವರ ಬಗ್ಗೆ ಹೇಳುವಾಗಿನ ಪದ. ಕರೆಯುವಾಗ ಹೆಂಡತಿ ಹೇಗೆ ಕರೆಯುತ್ತಾಳೋ ಹಾಗೆ, ಈಗ ಬಹಳ ಮನೆಗಳಲ್ಲಿ ‘ಬಾಬಾ’.

ಎಲ್ಲ ಸೇರಿಸಿದರೆ ಕಾಗದ ಹೀಗಾಗುತ್ತದೆ: “ತೀರ್ಥಸ್ವರೂಪ ಬಾಬಾ, ಶಿರಸಾಷ್ಟಾಂಗ ನಮಸ್ಕಾರ. ಸೋನಂ ಘ್ಯಾ, ಆಪಲಂ ನಾತಂ ಸೋನ್ಯಾಸಾರಖಂ ರಾಹೋ.” ‘ಆಪಲಂ ನಾತಂ’ ಎಂದರೆ ನಿಮ್ಮನ್ನೂ ಸೇರಿಸಿದ ನಮ್ಮ ನಂಟು, ‘ಇರೋಣ’ದೊಳಗಿನ ಒಡನಾಟ ಅಲ್ಲಿ ಉಳಿಯಿತು. ‘ರಾಹೋ’ ಎಂದರೆ ಇರಲಿ. ಹಿರಿಯರಿಗೆ ಹೀಗಿರಿ ಎಂದು ಹೇಳುವ ಪ್ರಮೇಯವೇ ಬರಲಿಲ್ಲ. ಮರಾಠಿಗರ ಬಾಯಲ್ಲಿ ಸವೆದ ಮಾತಿಗಿಂತ ಇದು ಸ್ವಲ್ಪ ಬೇರೆ, ಬರೆದವನು ಹೊರಗಿನವನೆಂದು ತಿಳಿಯುತ್ತದೆ. ಅದರಿಂದ ನಷ್ಟವೇನೂ ಇಲ್ಲ.

ಕಳಿಸುವ ಮೊದಲು ಮರಾಠಿ ಬಲ್ಲ ಒಬ್ಬರಿಗೆ ತೋರಿಸಬೇಕು. ಅರ್ಥ ಸರಿ ಇದೆಯೇ ಎಂದು ಕೇಳಿದರೆ ಹೌದು ಎಂದುಬಿಡುತ್ತಾರೆ. ಇದನ್ನು ಯಾರು ಯಾರಿಗೆ ಬರೆದಿರಬಹುದು ಎಂದು ಕೇಳಬೇಕು. ಕಿರಿಯರು ಹಿರಿಯರಿಗೆ ಬರೆದದ್ದು, ಹತ್ತಿರದವರು ಎಂಬ ಉತ್ತರ ಬಂದರೆ ಕಾಗದ ಕಳಿಸಬಹುದು. ಗೆಳೆಯ ಗೆಳೆಯನಿಗೆ ಅಥವಾ ಗುರು ಶಿಷ್ಯನಿಗೆ ಬರೆದದ್ದು ಎಂದರೆ ಕ್ರಿಯಾಪದಗಳನ್ನು ಮತ್ತೆ ನೋಡಬೇಕು.

ಮೈಸೂರಿನವರಿಗೆ ಕಳಿಸುವಾಗಲೂ ಸ್ವಲ್ಪ ಅನುವಾದ ಬೇಕಾಗುತ್ತದೆ. ಜಂಬೂಸವಾರಿ ಮುಗಿಯುವುದೇ ಬನ್ನಿಮಂಟಪದಲ್ಲಿ, ಆದರೂ ಎಲೆ ಕೊಟ್ಟು ಈ ಮಾತು ಆಡುವ ರೂಢಿ ಉತ್ತರದ ಜಿಲ್ಲೆಗಳಷ್ಟು ಅಲ್ಲಿಲ್ಲ. “ಬಂಗಾರದಂತೆ ಇರೋಣ” ಎಂದು ಶಿಷ್ಟ ಕನ್ನಡಕ್ಕೆ ತಂದರೆ ‘ರಿ’ ಬಿದ್ದುಹೋಗುತ್ತದೆ. ಆಗ ಗೌರವವನ್ನು ಬೇರೆಡೆಗೆ ಸಾಗಿಸಬೇಕು: “ಬನ್ನಿ ಸ್ವೀಕರಿಸಿ, ನಮ್ಮ ನಿಮ್ಮ ಬಾಂಧವ್ಯ ಬಂಗಾರದಂತೆ ಇರಲಿ.” ಎಲೆ ಹಂಚುವ ಪದ್ಧತಿಯೇ ಗೊತ್ತಿಲ್ಲದವರಿಗೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆಯುವಾಗ ಎಲೆಯ ಕಥೆಯನ್ನು ಒಂದು ವಾಕ್ಯದಲ್ಲಿ ಹೇಳಿ ಆಮೇಲೆ ಹಾರೈಸುವುದು ಒಳ್ಳೆಯದು, ಇಲ್ಲವಾದರೆ ಬಂಗಾರ ಎಲ್ಲಿಂದ ಬಂತೆಂದು ಅವರಿಗೆ ತಿಳಿಯುವುದಿಲ್ಲ.

ಪುಣೆಯಿಂದ ಉತ್ತರ ಬಂದಾಗಲೂ ಎಚ್ಚರ ಬೇಕು. ಮಾವ ತನಗಿಂತ ಕಿರಿಯನಾದ ಅಳಿಯನನ್ನು ‘ಜಾವಈಬಾಪೂ’ ಎಂದು ಕರೆದು ‘ಘ್ಯಾ’ ಎಂದೇ ಬರೆಯಬಹುದು, ಏಕೆಂದರೆ ಅಳಿಯನ ಮರ್ಯಾದೆ ವಯಸ್ಸನ್ನು ಮೀರಿದ್ದು. ವಯಸ್ಸು ಮಾತ್ರ ನೋಡಿ ಅದನ್ನು ಧಾರವಾಡದ ಅಮ್ಮನಿಗೆ “ಬನ್ನಿ ತಗೋಪಾ” ಎಂದು ಓದಿ ಹೇಳಿದರೆ ಬೀಗರು ಬರೆದ ಗೌರವ ದಾರಿಯಲ್ಲೇ ಕಳೆದುಹೋಗುತ್ತದೆ. ಅಲ್ಲಿ ಸಲ್ಲುವುದು “ಅಳಿಯಂದ್ರ, ಬನ್ನಿ ತಗೋರಿ” ಎಂಬ ಮಾತು.