ಅಮ್ಮನ ಪುಸ್ತಕ, ಬ್ಯಾಂಕಿನ ಲೆಕ್ಕ ಮತ್ತು 6,066 ರೂಪಾಯಿ

ನಾನು ಓದುವುದು ಮೂಡುಬಿದಿರೆಯಲ್ಲಿ, ಮನೆ ಬೆಳ್ತಂಗಡಿ ತಾಲೂಕಿನ ವೇಣೂರು ಕಡೆ. ಜೂನ್ ಎರಡನೇ ವಾರ ಊರಿಗೆ ಹೋದಾಗ ಅಮ್ಮ ಚಹಾ ಕೊಡುವ ಮೊದಲೇ ಖರ್ಚಿನ ಪುಸ್ತಕ ಮುಂದಿಟ್ಟರು. "ಪುಸ್ತಕದಲ್ಲಿ ಒಂದು ಲೆಕ್ಕ ಉಂಟು, ಬ್ಯಾಂಕಿನಲ್ಲಿ ಒಂದು ಲೆಕ್ಕ ಉಂಟು. ಇಂಜಿನಿಯರ್ ಅಲ್ವಾ, ನೀನೇ ನೋಡು ಮಾರಾಯ."

ಪುಸ್ತಕದ ಪ್ರಕಾರ ಮೇ ತಿಂಗಳ ಖರ್ಚು 15,860. ನಾನು ಜಂಬದಿಂದ ಕೂಡಿಸಲು ಕುಳಿತೆ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹೊರಹೋದ ಹಣ 10,506, ಮೊಬೈಲಿನ ಯುಪಿಐ ಲೈಟ್‌ನಲ್ಲಿ ಆದ ಪಾವತಿ 2,170, ಅಮ್ಮ 'ಕೈ' ಎಂದು ಬರೆದ ನಗದು ಖರ್ಚು 9,250. ಒಟ್ಟು 21,926! ಆರು ಸಾವಿರದ ಅರವತ್ತಾರು ರೂಪಾಯಿ ಜಾಸ್ತಿ. ಅಮ್ಮನ ಮುಖ ನೋಡಲು ಧೈರ್ಯ ಸಾಲಲಿಲ್ಲ.

ತಪ್ಪು ನನ್ನದೇ. ಎಟಿಎಂನಿಂದ ತೆಗೆದ 3,000 ಖರ್ಚಲ್ಲ, ಅದು ಬ್ಯಾಂಕಿನಿಂದ ಡಬ್ಬಿಗೆ ಬಂದ ಹಣ. ಲೈಟ್‌ಗೆ ಎರಡು ಸಲ ಹಾಕಿದ ಸಾವಿರವೂ ಹಾಗೆಯೇ, ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ ಹೋದದ್ದು. ಯುಪಿಐ ಲೈಟ್‌ನಲ್ಲಿ ಮಾಡುವ ಸಣ್ಣ ಪಾವತಿಗಳು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಬಿಡಿಬಿಡಿಯಾಗಿ ಬರುವುದಿಲ್ಲ. ಹಣ ತುಂಬಿಸಿದಾಗ ಸಾವಿರದ ಒಂದೇ ಸಾಲು ಬರುತ್ತದೆ. ಬಸ್ಸಿಗೆ, ತರಕಾರಿಗೆ ಎಷ್ಟೆಷ್ಟು ಹೋಯಿತು ಎಂಬುದು ಆ್ಯಪಿನ ಹಿಸ್ಟರಿಯಲ್ಲಿ ಮಾತ್ರ. ನಾನು ತುಂಬಿಸಿದ್ದನ್ನೂ ಖರ್ಚಾದದ್ದನ್ನೂ ಎರಡೂ ಕಡೆ ಎಣಿಸಿದ್ದೆ. ಈ ಐದು ಸಾವಿರ ಕಳೆದರೆ ಉಳಿದದ್ದು 1,066.

ಇನ್ನು ಕೂಡಿಸಿ ಪ್ರಯೋಜನವಿಲ್ಲ, ಸಾಲು ಸಾಲಾಗಿ ಹೊಂದಿಸಬೇಕು. ಸ್ಟೇಟ್‌ಮೆಂಟಿನ ಒಂದು ಸಾಲು, ಪುಸ್ತಕದಲ್ಲಿ ಅದರ ಜೋಡಿ, ಎರಡಕ್ಕೂ ಪೆನ್ಸಿಲಿನಲ್ಲಿ ಟಿಕ್. ಜೋಡಿ ಸಿಗದೆ ಉಳಿದದ್ದು ಮೂರು ಸಾಲು.

ಮೊದಲೆರಡು ಮೇ ಕೊನೆಯವು. PMJJBY ಎದುರು 436, PMSBY ಎದುರು 20. ಯಾರೋ ಹಣ ಹೊಡೆದರು ಎಂದು ಅಮ್ಮ ಗಾಬರಿಯಾದರು. ಅಸಲಿಗೆ ಅದು ಕೇಂದ್ರ ಸರ್ಕಾರದ ಜೀವ ವಿಮೆ ಮತ್ತು ಅಪಘಾತ ವಿಮೆಯ ವಾರ್ಷಿಕ ಕಂತು. ವಿಮೆಯ ವರ್ಷ ಜೂನ್ 1ಕ್ಕೆ ಶುರುವಾಗುವುದರಿಂದ ಮೇ ಕೊನೆಯ ವಾರದಲ್ಲಿ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಹಿಂದೆ ಯಾವಾಗಲೋ ಬ್ಯಾಂಕಿನಲ್ಲಿ ಸಹಿ ಹಾಕಿದ್ದು ಅಮ್ಮನಿಗೆ ಆಮೇಲೆ ನೆನಪಾಯಿತು. 456 ರೂಪಾಯಿ ನಿಜವಾದ ಖರ್ಚೇ. ಪುಸ್ತಕಕ್ಕೆ ಸೇರಿಸಿದೆ. ಉಳಿದದ್ದು 610.

ಮೂರನೆಯದು ಮೇ 31ರ ಸಂಜೆಯ 250. ಪೇಟೆಯ ಮೆಡಿಕಲ್‌ನಲ್ಲಿ ಸ್ಕ್ಯಾನ್ ಮಾಡಿದಾಗ ಖಾತೆಯಿಂದ ಹಣ ಹೋಯಿತು, ಅಂಗಡಿಗೆ ಮುಟ್ಟಲಿಲ್ಲ. ಅಮ್ಮ ನಗದು ಕೊಟ್ಟು ಬಂದು, ಅದನ್ನು 'ಕೈ' ಎಂದೇ ಬರೆದಿದ್ದರು. ಜೂನ್ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ 3ನೇ ತಾರೀಕು 250 ವಾಪಸ್ ಬಂದಿದೆ. ಇದು ಖರ್ಚಲ್ಲ, ತಿಂಗಳ ಗಡಿ ದಾಟುವಾಗ ದಾರಿಯಲ್ಲಿದ್ದ ಹಣ. ಅಂಗಡಿಗೆ ಮಾಡಿದ ಪಾವತಿ ಹೀಗೆ ಅರ್ಧಕ್ಕೆ ನಿಂತರೆ ಐದು ದಿನದೊಳಗೆ ಹಣ ಹಿಂದಿರುಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ಹಾಗಾಗಿ ಇಂಥ ಸಾಲು ಕಂಡರೆ ಮುಂದಿನ ತಿಂಗಳ ಮೊದಲ ವಾರವನ್ನೂ ನೋಡಲೇಬೇಕು.

ಈಗ ಉಳಿದದ್ದು 360. ಎಲ್ಲದಕ್ಕೂ ಟಿಕ್ ಬಿದ್ದಿದೆ, ಆದರೂ 360! ಆಗ ನೆನಪಾದದ್ದು ಪಿಯುಸಿಯಲ್ಲಿ ಕಾಮರ್ಸ್ ಓದಿದ ಗೆಳೆಯ ಹೇಳಿದ ಉಪಾಯ. ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಯಾವುದೋ ಸಂಖ್ಯೆಯ ಎರಡು ಅಂಕಿ ಅದಲುಬದಲಾಗಿರಬಹುದು. ಆಗಿರಲೇಬೇಕೆಂದಿಲ್ಲ, 360ರ ಒಂದು ಖರ್ಚೇ ಬಿಟ್ಟುಹೋಗಿದ್ದರೂ ಭಾಗವಾಗುತ್ತದಲ್ಲ. ಆದರೆ ಜೋಡಿ ಇಲ್ಲದ ಸಾಲು ಉಳಿದಿರಲಿಲ್ಲ. ಮತ್ತೆ ನೋಡಿದರೆ ಜೀನಸಿನ ಅಂಗಡಿಗೆ ಬ್ಯಾಂಕಿನಲ್ಲಿ 950, ಪುಸ್ತಕದಲ್ಲಿ 590. ನಾನು ತಾರೀಕು, ಅಂಗಡಿ ಹೆಸರು ನೋಡಿ ಟಿಕ್ ಹಾಕಿದ್ದೆ, ಮೊತ್ತ ನೋಡಿರಲೇ ಇಲ್ಲ.

ಮೇ ತಿಂಗಳ ನಿಜವಾದ ಖರ್ಚು 16,676.

"ಮುಗಿಯಿತಾ?" ಎಂದರು ಅಮ್ಮ. ಇಲ್ಲ. ನಗದಿಗೆ ಸ್ಟೇಟ್‌ಮೆಂಟ್ ಎಲ್ಲಿದೆ? ಅದಕ್ಕೆ ಡಬ್ಬಿ ಎಣಿಸುವುದೊಂದೇ ದಾರಿ. ಪುಣ್ಯಕ್ಕೆ ಅಮ್ಮ ತಿಂಗಳ ಕೊನೆಯ ರಾತ್ರಿ ಎಣಿಸಿ ಬರೆದಿಡುತ್ತಾರೆ. ಏಪ್ರಿಲ್ ಕೊನೆಗೆ 1,450 ಇತ್ತು, ಬಿ.ಸಿ. ರೋಡಿನಲ್ಲಿ ಕೆಲಸ ಮಾಡುವ ಅಪ್ಪ ತಂದುಕೊಟ್ಟದ್ದು 6,000, ಎಟಿಎಂನ 3,000. ಅದರಲ್ಲಿ 9,250 ಖರ್ಚಾದರೆ 1,200 ಉಳಿಯಬೇಕು. ಪುಸ್ತಕದಲ್ಲಿ ಬರೆದಿದ್ದದ್ದು 1,170.

ಮೂವತ್ತು ರೂಪಾಯಿ ಹುಡುಕಲು ಅರ್ಧ ಗಂಟೆ ಕುಳಿತೆ. ತಂಗಿ ಐಸ್‌ಕ್ರೀಂ ತಿಂದಳೆಂದು ನನಗೆ ಅನುಮಾನ, ಅವಳು ಒಪ್ಪಲಿಲ್ಲ. ಅಮ್ಮ ಪೆನ್ನು ಕಿತ್ತುಕೊಂಡು '30 – ಗೊತ್ತಿಲ್ಲ' ಎಂದು ಬರೆದು, ಜೂನ್ ಪುಟದ ಮೇಲೆ 1,170 ಎಂದು ಹಾಕಿ, ಚಹಾಕ್ಕೆ ನೀರಿಡಲು ಒಳಗೆ ಹೋದರು.