ಟಿ ಕೋಶಗಳನ್ನು ಒಟ್ಟೊಟ್ಟಿಗೆ ಕೆರಳಿಸುವ ವಿಷ

ಸೂಪರ್ ಆಂಟಿಜೆನ್ ಎಂದರೆ ಕೆಲವು ಬ್ಯಾಕ್ಟೀರಿಯಾಗಳು ಹೊರಸೂಸುವ ಒಂದು ಬಗೆಯ ಪ್ರೋಟೀನ್ ವಿಷ. ಇದು ಯಾವ ಜೀವಕೋಶವನ್ನೂ ನೇರವಾಗಿ ಕೊಲ್ಲಬೇಕಾಗಿಲ್ಲ. ರೋಗಿಯ ಸ್ವಂತ ರೋಗನಿರೋಧಕ ವ್ಯವಸ್ಥೆಯನ್ನೇ ಅಳತೆ ಮೀರಿ ಕೆರಳಿಸಿ, ಅದರ ಮೂಲಕ ದೇಹವನ್ನು ಕೆಡವುತ್ತದೆ. ಈ ವಿಷಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ಸ್ಟೆಫಿಲೊಕಾಕಸ್ ಆರಿಯಸ್‌ನ ಕೆಲವು ತಳಿಗಳು ತಯಾರಿಸುವ ಟಿಎಸ್‌ಎಸ್‌ಟಿ-1. ಟಾಕ್ಸಿಕ್ ಶಾಕ್ ಎಂಬ ಕಾಯಿಲೆಯ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಟಿ ಕೋಶಗಳು ಸಹಜವಾಗಿ ಬಹಳ ಆಯ್ಕೆಯಿಂದ ಕೆಲಸ ಮಾಡುತ್ತವೆ. ಬ್ಯಾಕ್ಟೀರಿಯಾ ಒಳಹೊಕ್ಕಾಗ ಕೆಲವು ರಕ್ಷಕ ಕೋಶಗಳು ಅದನ್ನು ನುಂಗಿ, ಅದರ ಪ್ರೋಟೀನನ್ನು ಚೂರು ಮಾಡುತ್ತವೆ. ಒಂದು ಚೂರನ್ನು ತಮ್ಮ ಮೇಲ್ಮೈಯ ಎಂಎಚ್‌ಸಿ ಎಂಬ ಅಣುವಿನ ಕಾಲುವೆಯಂಥ ತಗ್ಗಿನಲ್ಲಿ ಇಟ್ಟು ತೋರಿಸುತ್ತವೆ. ಪ್ರತಿಯೊಂದು ಟಿ ಕೋಶದ ಗ್ರಾಹಕಕ್ಕೂ ತನ್ನದೇ ಆಕಾರವಿದೆ. ಆ ಚೂರಿಗೆ ಹೊಂದುವ ಗ್ರಾಹಕ ಇರುವುದು ಹತ್ತು ಸಾವಿರದಿಂದ ಹತ್ತು ಲಕ್ಷ ಟಿ ಕೋಶಗಳಲ್ಲಿ ಒಂದಕ್ಕೆ ಮಾತ್ರ. ಆ ಕೆಲವೇ ಕೋಶಗಳು ಎಚ್ಚೆತ್ತು, ದಿನಗಳ ಕಾಲ ವಿಭಜಿಸಿ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಈ ನಿಧಾನವೇ ದೇಹಕ್ಕೆ ರಕ್ಷಣೆ.

ಟಿಎಸ್‌ಎಸ್‌ಟಿ-1 ಈ ಪರೀಕ್ಷೆಯನ್ನೇ ತಪ್ಪಿಸುತ್ತದೆ. ಅದನ್ನು ಯಾರೂ ಚೂರು ಮಾಡಬೇಕಿಲ್ಲ, ತಗ್ಗಿನಲ್ಲಿ ಇಡಬೇಕಿಲ್ಲ. ಇಡಿಯಾಗಿಯೇ ಬಂದು ಎಂಎಚ್‌ಸಿ ಅಣುವನ್ನು ಒಂದು ಕಡೆಯಿಂದಲೂ ಟಿ ಕೋಶದ ಗ್ರಾಹಕವನ್ನು ಇನ್ನೊಂದು ಕಡೆಯಿಂದಲೂ ಹಿಡಿದು, ಎರಡನ್ನೂ ಬಲವಂತವಾಗಿ ಜೋಡಿಸಿಬಿಡುತ್ತದೆ. ಇಲ್ಲಿ ಗಮನಿಸಬೇಕಾದದ್ದು ಅದು ಗ್ರಾಹಕದ ಯಾವ ಭಾಗವನ್ನು ಹಿಡಿಯುತ್ತದೆ ಎಂಬುದು. ಒಂದೊಂದು ಕೋಶಕ್ಕೂ ಬೇರೆಯಾಗುವ ತುದಿಯನ್ನು ಅದು ನೆಚ್ಚಿಕೊಂಡಿಲ್ಲ. ಲಕ್ಷಾಂತರ ಕೋಶಗಳಿಗೆ ಸಮಾನವಾಗಿರುವ, ವಿ-ಬೀಟಾ ಎಂಬ ಪಕ್ಕದ ಭಾಗವನ್ನು ಹಿಡಿಯುತ್ತದೆ. ಮನುಷ್ಯರಲ್ಲಿ ವಿ-ಬೀಟಾ ಕೆಲವು ಡಜನ್ ಬಗೆಗಳಲ್ಲಷ್ಟೇ ಇದೆ. ಟಿಎಸ್‌ಎಸ್‌ಟಿ-1 ಹುಡುಕುವುದು ಎರಡನೆಯ ಬಗೆಯನ್ನು. ಆರೋಗ್ಯವಂತರ ಟಿ ಕೋಶಗಳಲ್ಲಿ ಸರಿಸುಮಾರು ಹತ್ತರಲ್ಲೊಂದು ಪಾಲು ಈ ಬಗೆಯದು. ಲಕ್ಷಕ್ಕೊಂದು ಕೋಶ ಎಚ್ಚರಗೊಳ್ಳಬೇಕಾದ ಕಡೆ ಹತ್ತಕ್ಕೊಂದು ಎಚ್ಚರಗೊಳ್ಳುತ್ತದೆ, ಅದೂ ಕೆಲವೇ ಗಂಟೆಗಳಲ್ಲಿ. ತೀವ್ರ ಕಾಯಿಲೆಯಲ್ಲಿದ್ದ ಕೆಲವರ ರಕ್ತದಲ್ಲಿ ಈ ಒಂದೇ ಬಗೆಯ ಟಿ ಕೋಶಗಳು ಅರ್ಧಕ್ಕಿಂತ ಹೆಚ್ಚಾಗಿದ್ದದ್ದು ಕಂಡುಬಂದಿದೆ.

ಕೆರಳಿದ ಟಿ ಕೋಶಗಳೂ ಅವುಗಳಿಗೆ ಜೋಡಿಯಾದ ರಕ್ಷಕ ಕೋಶಗಳೂ ಸೈಟೊಕೈನ್ ಎಂಬ ಸಂದೇಶ ಪ್ರೋಟೀನುಗಳನ್ನು ರಕ್ತಕ್ಕೆ ಸುರಿಯುತ್ತವೆ. ಸಣ್ಣ ಗಾಯದ ಸುತ್ತ ಇವು ಉಪಕಾರಿ. ಇಡೀ ಮೈಯಲ್ಲಿ ಒಮ್ಮೆಗೇ ಹರಡಿದರೆ ಸೂಕ್ಷ್ಮ ರಕ್ತನಾಳಗಳ ಗೋಡೆ ಸಡಿಲಗೊಂಡು ದ್ರವ ಅಂಗಾಂಶಗಳಿಗೆ ಸೋರುತ್ತದೆ. ರಕ್ತಸ್ರಾವವೇ ಇಲ್ಲದೆ ರಕ್ತದೊತ್ತಡ ಕುಸಿಯುವುದು ಹೀಗೆ. ಮೂತ್ರಪಿಂಡ, ಯಕೃತ್ತು, ಸ್ನಾಯುಗಳಿಗೆ ಸಾಕಷ್ಟು ರಕ್ತ ತಲುಪುವುದಿಲ್ಲ.

1978ರಲ್ಲಿ ಅಮೆರಿಕದ ಡೆನ್ವರ್‌ನ ವೈದ್ಯ ಜೇಮ್ಸ್ ಟಾಡ್ ಮತ್ತು ಸಂಗಡಿಗರು ಏಳು ಮಕ್ಕಳಲ್ಲಿ ಕಂಡ ಕಾಯಿಲೆಗೆ ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಅದು ಮನೆಮಾತಾದದ್ದು 1980ರಲ್ಲಿ, ಮುಟ್ಟಿನ ದಿನಗಳಲ್ಲಿದ್ದ ಆರೋಗ್ಯವಂತ ಯುವತಿಯರು ಇದ್ದಕ್ಕಿದ್ದಂತೆ ಕುಸಿಯತೊಡಗಿದಾಗ. ಹೆಚ್ಚು ಹೀರುವ ಟ್ಯಾಂಪೂನ್‌ಗಳೊಂದಿಗೆ ಇದಕ್ಕೆ ನಂಟು ಕಂಡಿತು. ರಿಲೈ ಎಂಬ ಬ್ರ್ಯಾಂಡನ್ನು ಅದೇ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಟ್ಯಾಂಪೂನ್ ವಿಷವನ್ನು ತಂದಿರಲಿಲ್ಲ. ಆಮ್ಲಜನಕ ವಿರಳವಾಗಿರುವ ಯೋನಿಯೊಳಗೆ ಅದು ಗಾಳಿಯನ್ನು ಒಯ್ಯುತ್ತಿತ್ತು, ಮುಟ್ಟಿನ ರಕ್ತ ಅಲ್ಲಿನ ಆಮ್ಲೀಯತೆಯನ್ನು ತಗ್ಗಿಸುತ್ತಿತ್ತು. ಮೊದಲೇ ಅಲ್ಲಿದ್ದ ಬ್ಯಾಕ್ಟೀರಿಯಾ ಟಿಎಸ್‌ಎಸ್‌ಟಿ-1 ತಯಾರಿಸಲು ಈ ಎರಡೂ ನೆರವಾಗುತ್ತಿದ್ದವು. ಶಸ್ತ್ರಚಿಕಿತ್ಸೆಯ ಗಾಯ, ಸುಟ್ಟಗಾಯ, ಮೂಗಿನಲ್ಲಿ ತುರುಕಿದ ಬಟ್ಟೆ ಕೂಡ ಇಂಥ ಜಾಗವಾಗಬಲ್ಲವು. ಗಂಡಸರಿಗೂ ಮಕ್ಕಳಿಗೂ ಈ ಕಾಯಿಲೆ ಬರುತ್ತದೆ.

ಕಾಯಿಲೆಯ ಆರಂಭ ಫ್ಲೂ ಎಂದೇ ಅನಿಸುತ್ತದೆ: 38.9 ಡಿಗ್ರಿ ಸೆಲ್ಸಿಯಸ್ ದಾಟುವ ಜ್ವರ, ವಾಂತಿ, ಭೇದಿ, ಮೈಕೈ ನೋವು. ಜೊತೆಗೆ ಬಿಸಿಲಿಗೆ ಸುಟ್ಟಂತೆ ಮೈಯೆಲ್ಲ ಕೆಂಪಾಗುವುದು, ಎದ್ದು ನಿಂತರೆ ತಲೆಸುತ್ತುವುದು ಸೇರಿದರೆ ತಡಮಾಡುವಂತಿಲ್ಲ. ಒಂದೆರಡು ವಾರದ ಮೇಲೆ ಅಂಗೈ, ಅಂಗಾಲಿನ ಚರ್ಮ ಸುಲಿಯುತ್ತದೆ, ಆದರೆ ಚಿಕಿತ್ಸೆ ಅದಕ್ಕಾಗಿ ಕಾಯುವುದಿಲ್ಲ. ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಗದಿರುವುದೇ ಹೆಚ್ಚು, ಏಕೆಂದರೆ ಅದು ಒಂದೆಡೆ ಕುಳಿತಿರುತ್ತದೆ, ಊರೆಲ್ಲ ಸುತ್ತುವುದು ವಿಷ. ಹಾಗಾಗಿ ವೈದ್ಯರು ಮೊದಲು ಮೂಲವನ್ನು ಹುಡುಕಿ ತೆಗೆಯುತ್ತಾರೆ, ರಕ್ತನಾಳಕ್ಕೆ ಧಾರಾಳವಾಗಿ ದ್ರವ ಕೊಡುತ್ತಾರೆ. ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧದ ಜೊತೆಗೆ ಕ್ಲಿಂಡಮೈಸಿನ್ ಸೇರಿಸುತ್ತಾರೆ. ಅದು ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಕೆಯನ್ನೇ ತಡೆಯುವುದರಿಂದ ಹೊಸ ವಿಷ ಹುಟ್ಟುವುದು ನಿಲ್ಲುತ್ತದೆ.

ಈ ಬ್ಯಾಕ್ಟೀರಿಯಾ ಅನೇಕರ ಮೈಮೇಲಿದ್ದರೂ ಕಾಯಿಲೆ ಅಪರೂಪ. ಬಹುಪಾಲು ವಯಸ್ಕರ ರಕ್ತದಲ್ಲಿ ಟಿಎಸ್‌ಎಸ್‌ಟಿ-1ನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳು ಮೊದಲೇ ಇರುತ್ತವೆ. ಅವಿಲ್ಲದವರೇ ಕಾಯಿಲೆ ಬೀಳುತ್ತಾರೆ. ವಾಸಿಯಾದ ಮೇಲೂ ಅನೇಕರಲ್ಲಿ ಪ್ರತಿಕಾಯ ಹುಟ್ಟುವುದಿಲ್ಲ. ಹಾಗಾಗಿ ಕೆಲವು ಮಹಿಳೆಯರಿಗೆ ಮುಂದಿನ ಮುಟ್ಟಿನಲ್ಲಿ ಮತ್ತೆ ಅದೇ ಕಾಯಿಲೆ ಬಂದದ್ದುಂಟು, ಒಮ್ಮೆ ಬಂದವರಿಗೆ ಟ್ಯಾಂಪೂನ್ ಬಳಸಬೇಡಿ ಎಂದು ವೈದ್ಯರು ಹೇಳುವುದು ಇದರಿಂದಲೇ.