ಹಿತ್ತಿಲ ಬಾಗಿಲು ತೆರೆದಿರುವ ಹೃದಯ

ರಾತ್ರಿ ಹನ್ನೊಂದರ ಹೊತ್ತಿಗೆ ಇಪ್ಪತ್ತಾರು ವರ್ಷದ ಹುಡುಗನೊಬ್ಬ ತಾಲ್ಲೂಕು ಆಸ್ಪತ್ರೆಗೆ ಬಂದ ಎಂದುಕೊಳ್ಳಿ. ಎದೆ ಡವಡವ ಹೊಡೆದುಕೊಳ್ಳುತ್ತಿದೆ, ಅಂಗಿ ಬೆವರಿನಿಂದ ತೊಯ್ದಿದೆ. ಆದರೂ ತಾನೇ ನಡೆದುಕೊಂಡು ಬಂದಿದ್ದಾನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಾನೆ. ನಾಡಿ ಹಿಡಿದರೆ ಎಣಿಕೆಗೆ ಸಿಗದ ವೇಗ, ಒಂದಕ್ಕೊಂದು ತಾಳವಿಲ್ಲದ ಹೊಡೆತ. ಪಕ್ಕದ ಟ್ರೇಯಲ್ಲಿ ಹೃದಯದ ಓಟ ತಗ್ಗಿಸಲೆಂದೇ ಇರುವ ಇಂಜೆಕ್ಷನ್‌ಗಳಿವೆ: ಡಿಲ್ಟಿಯಾಜೆಮ್, ವೆರಾಪಮಿಲ್, ಮೆಟೊಪ್ರೊಲಾಲ್, ಡಿಗಾಕ್ಸಿನ್. ದಿನವೂ ಎಷ್ಟೋ ಜನರ ಎದೆಬಡಿತವನ್ನು ಹದಕ್ಕೆ ತರುವ ಮದ್ದುಗಳೇ ಇವು. ಆದರೆ ಈ ಹುಡುಗನಿಗೆ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಅವನ ಹೃದಯ ನಿಲ್ಲುವ ಅಪಾಯವಿದೆ.

ಯಾಕೆ ಹೀಗೆ ಎಂಬುದು ತಿಳಿಯಲು ಹೃದಯದೊಳಗಿನ ಕರೆಂಟಿನ ದಾರಿಯನ್ನು ನೋಡಬೇಕು. ಮೇಲಿನ ಎರಡು ಕೋಣೆಗಳಿಗೂ ಕೆಳಗಿನ ಎರಡು ಕೋಣೆಗಳಿಗೂ ನಡುವೆ ಕರೆಂಟು ದಾಟದ ಒಂದು ನಾರಿನ ಪದರವಿದೆ. ಸಾಮಾನ್ಯವಾಗಿ ಅದರಲ್ಲಿ ಇರುವುದು ಒಂದೇ ಬಾಗಿಲು, ಎವಿ ನೋಡ್. ಮೇಲಿನಿಂದ ಬಂದ ಸಂಕೇತವನ್ನು ಅದು ಸೆಕೆಂಡಿನ ಸುಮಾರು ಹತ್ತನೇ ಒಂದು ಭಾಗದಷ್ಟು ಹೊತ್ತು ತಡೆದು, ಆಮೇಲೆ ಕೆಳಕ್ಕೆ ಬಿಡುತ್ತದೆ. ಅದಕ್ಕೆ ಇನ್ನೊಂದು ಗುಣವೂ ಉಂಟು: ನೂಕುನುಗ್ಗಲು ಹೆಚ್ಚಾದಷ್ಟೂ ಅದು ನಿಧಾನವಾಗುತ್ತದೆ. ಮೇಲಿನ ಕೋಣೆಗಳು ನಿಮಿಷಕ್ಕೆ ನಾನೂರು ಸಲ ಅಡ್ಡಾದಿಡ್ಡಿ ನಡುಗುವ ಏಟ್ರಿಯಲ್ ಫಿಬ್ರಿಲೇಷನ್ ಬಂದರೂ, ಕೆಳಗಿಳಿಯುವುದು ನೂರೈವತ್ತರ ಆಸುಪಾಸಿನಷ್ಟು ಮಾತ್ರ. ಬಾಗಿಲಲ್ಲಿ ಗಟ್ಟಿ ಕಾವಲುಗಾರನಿದ್ದಾನೆ ಅನ್ನಿ.

ಸಾವಿರದಲ್ಲಿ ಒಬ್ಬರಿಂದ ಮೂವರ ಹೃದಯದಲ್ಲಿ ಹುಟ್ಟಿನಿಂದಲೇ ಹಿತ್ತಿಲ ಬಾಗಿಲೂ ಒಂದು ಇರುತ್ತದೆ. ಭ್ರೂಣದಲ್ಲಿದ್ದಾಗ ಮುಚ್ಚಿಹೋಗಬೇಕಿದ್ದ ಸಣ್ಣ ಮಾಂಸದ ಎಳೆ ಅದು. ಅಲ್ಲಿ ಕಾವಲಿಲ್ಲ. ಸಂಕೇತ ಬಂದ ಹಾಗೇ ದಾಟಿಸುತ್ತದೆ, ಇಲ್ಲವೇ ಪೂರ್ತಿ ತಡೆಯುತ್ತದೆ. ಸೋಸಿ ನಿಧಾನವಾಗಿ ಬಿಡುವ ಜಾಣ್ಮೆ ಅದಕ್ಕಿಲ್ಲ.

ಹೃದಯ ನೆಮ್ಮದಿಯಾಗಿ ಬಡಿಯುತ್ತಿರುವಾಗಲೂ ಈ ಬಾಗಿಲು ಇಸಿಜಿಯಲ್ಲಿ ಗುರುತು ಬಿಡುತ್ತದೆ. ಕಾಗದದ ಒಂದು ಸಣ್ಣ ಚೌಕ ಎಂದರೆ 0.04 ಸೆಕೆಂಡು. ಮೇಲಿನ ಕೋಣೆಯ ಪುಟ್ಟ ಉಬ್ಬಾದ ಪಿ ಅಲೆಯ ಆರಂಭದಿಂದ ಕೆಳಕೋಣೆಯ ಚೂಪು ಗೆರೆಯ ಆರಂಭಕ್ಕೆ ಮೂರರಿಂದ ಐದು ಚೌಕ ಅಂತರವಿರಬೇಕು. ಇಲ್ಲಿ ಮೂರಕ್ಕಿಂತ ಕಡಿಮೆ, ಏಕೆಂದರೆ ಹಿತ್ತಿಲಿನಿಂದ ನುಸುಳಿದ ಕರೆಂಟು ಕಾಯದೆ ಒಳಗೆ ಬಂದುಬಿಟ್ಟಿದೆ. ಆದರೆ ಬಂದದ್ದು ಬೇಗವಾದರೂ ಒಳಗೆ ಹರಡುವುದು ನಿಧಾನ. ಹೃದಯದ ಸ್ವಂತ ವೈರಿಂಗ್ ಸೇರದೆ, ಮಾಂಸದಿಂದ ಮಾಂಸಕ್ಕೆ ತೆವಳುತ್ತದೆ. ಅದಕ್ಕೇ ನೆಟ್ಟಗೆ ಮೇಲೇಳಬೇಕಿದ್ದ ಗೆರೆ ಮೊದಲು ಒಂದು ಇಳಿಜಾರಿನಂತೆ ಓರೆಯಾಗಿ ಏರುತ್ತದೆ. ಅಷ್ಟರಲ್ಲಿ ಮುಂಬಾಗಿಲಿನ ಕರೆಂಟು ಬಂದು ಉಳಿದ ಕೆಲಸವನ್ನು ಸರಸರನೆ ಮುಗಿಸುತ್ತದೆ. ಆ ಓರೆಗೆ ಡೆಲ್ಟಾ ಅಲೆ ಎಂದು ಹೆಸರು. ಬಡಿತದಿಂದ ಉಂಟಾಗುವ ತೊಂದರೆಯೂ ಸೇರಿದರೆ ಅದು ವುಲ್ಫ್–ಪಾರ್ಕಿನ್ಸನ್–ವೈಟ್ ಸಿಂಡ್ರೋಮ್. ಆ ಮೂವರು ವೈದ್ಯರು 1930ರಲ್ಲಿ ಹನ್ನೊಂದು ಮಂದಿಯ ಇಸಿಜಿಗಳನ್ನು ಒಟ್ಟಿಗೆ ಪ್ರಕಟಿಸಿದ್ದರು. (ಕೈ ನಡುಗುವ ಕಾಯಿಲೆಯ ಪಾರ್ಕಿನ್ಸನ್ ಬೇರೆ, ಈ ಪಾರ್ಕಿನ್ಸನ್ ಬೇರೆ.)

ನಮ್ಮ ಹುಡುಗನಿಗೆ ಬಂದಿರುವುದು ಏಟ್ರಿಯಲ್ ಫಿಬ್ರಿಲೇಷನ್. ಮೇಲೆ ಗಲಾಟೆ, ಕೆಳಗೆ ತೆರೆದ ಹಿತ್ತಿಲು. ಅವನ ಇಸಿಜಿಯಲ್ಲಿ ಎರಡು ಬಡಿತಗಳ ನಡುವೆ ಒಂದು ಕಡೆ ಹನ್ನೊಂದು ಸಣ್ಣ ಚೌಕಗಳಿವೆ, ಇನ್ನೊಂದು ಕಡೆ ಬರೀ ಐದು. 1500ನ್ನು ಚೌಕಗಳ ಸಂಖ್ಯೆಯಿಂದ ಭಾಗಿಸಿದರೆ ನಿಮಿಷದ ವೇಗ ಸಿಗುತ್ತದೆ: ಹನ್ನೊಂದಕ್ಕೆ ಸುಮಾರು 136, ಐದಕ್ಕೆ 300. ಗೆರೆಗಳು ಅಗಲವಾಗಿವೆ, ಅದೂ ಒಂದೊಂದು ಬಡಿತಕ್ಕೆ ಒಂದೊಂದು ಅಗಲ, ಏಕೆಂದರೆ ಪ್ರತಿ ಬಡಿತದಲ್ಲೂ ಎರಡು ಬಾಗಿಲುಗಳ ಪಾಲು ಬದಲಾಗುತ್ತಿದೆ. ವೇಗ, ಅಗಲ, ತಾಳಗೇಡಿತನ ಮೂರೂ ಒಟ್ಟಿಗೆ ಕಂಡರೆ ವೈದ್ಯರ ಕೈ ಟ್ರೇಯಿಂದ ಹಿಂದೆ ಸರಿಯಬೇಕು. ಅದರಲ್ಲೂ ಅತಿ ಹತ್ತಿರದ ಎರಡು ಬಡಿತಗಳ ಅಂತರ ಆರು ಚೌಕ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹಿತ್ತಿಲ ಬಾಗಿಲು ತೀರಾ ಚುರುಕಾದದ್ದು ಎಂದೇ ಅರ್ಥ.

ಟ್ರೇಯಲ್ಲಿದ್ದ ಮದ್ದುಗಳೆಲ್ಲ ಮುಖ್ಯವಾಗಿ ಬಿಗಿಯುವುದು ಮುಂಬಾಗಿಲನ್ನು. ಎವಿ ನೋಡ್ ಕ್ಯಾಲ್ಸಿಯಂ ಕರೆಂಟಿನ ಮೇಲೆ ನಡೆಯುತ್ತದೆ, ವೆರಾಪಮಿಲ್ ತಡೆಯುವುದು ಅದನ್ನೇ. ಹಿತ್ತಿಲ ಎಳೆ ನಡೆಯುವುದು ಸೋಡಿಯಂ ಕರೆಂಟಿನ ಮೇಲೆ, ಅದಕ್ಕೆ ವೆರಾಪಮಿಲ್ ತಾಕುವುದೇ ಇಲ್ಲ. ‘ಹಾಗಾದರೆ ಉಪಯೋಗವಿಲ್ಲ ಅಷ್ಟೇ, ಕೇಡು ಹೇಗೆ?’ ಎಂದು ಕೇಳಬಹುದು. ನನಗೆ ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯವಾಗಿ ಕಾಣುವುದು ಇದೇ. ಮುಂಬಾಗಿಲಿನಿಂದ ಒಳಗೆ ಬಂದವರಲ್ಲಿ ಕೆಲವರು ಹಿತ್ತಿಲ ಕಡೆಯಿಂದ ಹೊರಹೋಗಲು ಹೊರಟು, ಅಲ್ಲಿ ಒಳನುಗ್ಗುವವರಿಗೆ ಅಡ್ಡ ನಿಲ್ಲುತ್ತಿದ್ದರು. ಆ ಎಳೆ ಒಮ್ಮೆ ಬಳಕೆಯಾದರೆ ಕ್ಷಣಕಾಲ ಸುಧಾರಿಸಿಕೊಳ್ಳಬೇಕು, ಆ ಹೊತ್ತಿನಲ್ಲಿ ಬೇರೆ ಸಂಕೇತ ದಾಟದು. ಮುಂಬಾಗಿಲು ಮುಚ್ಚಿದಿರೋ, ಹಿತ್ತಿಲಿಗಿದ್ದ ಆ ಅಡ್ಡಿಯೂ ಹೋಯಿತು. ಸಾಲದ್ದಕ್ಕೆ ವೆರಾಪಮಿಲ್ ರಕ್ತನಾಳಗಳನ್ನು ಸಡಿಲಿಸಿ ಬಿಪಿ ಇಳಿಸುತ್ತದೆ. ಗಾಬರಿಗೊಂಡ ದೇಹ ಅಡ್ರಿನಲಿನ್ ಸುರಿಸುತ್ತದೆ, ಹಿತ್ತಿಲು ಇನ್ನಷ್ಟು ಚುರುಕಾಗುತ್ತದೆ. ಡಿಗಾಕ್ಸಿನ್ ಇನ್ನೂ ಒಂದು ಹೆಜ್ಜೆ ಮುಂದೆ: ಕೆಲವರಲ್ಲಿ ಅದು ಆ ಎಳೆಯ ಸುಧಾರಿಸಿಕೊಳ್ಳುವ ಸಮಯವನ್ನೇ ಮೊಟಕುಗೊಳಿಸುತ್ತದೆ. ಹೀಗೆ 300ರ ಹತ್ತಿರ ಹೊಡೆಸಿಕೊಂಡ ಕೆಳಕೋಣೆಗಳು ಕೊನೆಗೆ ಬಡಿಯುವುದನ್ನೇ ಬಿಟ್ಟು ನಡುಗತೊಡಗುತ್ತವೆ. ಅದೇ ವೆಂಟ್ರಿಕ್ಯುಲರ್ ಫಿಬ್ರಿಲೇಷನ್. ರಕ್ತ ಹೊರಡುವುದಿಲ್ಲ.

ಬಹಳ ಲಯದ ತೊಂದರೆಗಳಿಗೆ ಕಣ್ಣುಮುಚ್ಚಿ ಬಳಸುವ ಅಮಿಯೋಡರೋನ್ ಕೂಡ ರಕ್ತನಾಳಕ್ಕೆ ಕೊಟ್ಟಾಗ ಇಲ್ಲಿ ಸುರಕ್ಷಿತವಲ್ಲ. ಕೊಟ್ಟ ಕೂಡಲೆ ಅದರ ಕೈ ಬೀಳುವುದೂ ಮುಂಬಾಗಿಲಿನ ಮೇಲೆಯೇ.

ಡಾಕ್ಟರು ಹೇಳುತ್ತಾರೆ: “ಸಿಸ್ಟರ್, ಡಿಲ್ಟಿಯಾಜೆಮ್ ಒಳಗಿಡಿ. ಶಾಕ್ ಮೆಷಿನ್ ತನ್ನಿ.”

“ಸಾರ್, ಪೇಷಂಟ್ ಮಾತಾಡ್ತಾ ಇದಾರಲ್ಲ?”

“ಬಿಪಿ ಬೀಳ್ತಾ ಇದೆ ನೋಡಿ. ಸ್ವಲ್ಪ ಮಂಪರು ಬರೋ ಇಂಜೆಕ್ಷನ್ ಕೊಟ್ಟೇ ಮಾಡೋಣ.”

ಬಡಿತಕ್ಕೆ ಹೊಂದಿಸಿ ಕೊಟ್ಟ ಒಂದು ಶಾಕ್‌ನಲ್ಲಿ ಗೆರೆ ಮಾಮೂಲಿಗೆ ಬರುತ್ತದೆ. ಆಗ ತೆಗೆದ ಇಸಿಜಿಯಲ್ಲಿ ಡೆಲ್ಟಾ ಅಲೆ ಎದ್ದು ಕಾಣುತ್ತದೆ. ಬಿಪಿ ಗಟ್ಟಿಯಾಗಿದ್ದಿದ್ದರೆ ಪ್ರೊಕೇನಮೈಡ್ ಕೊಡಬಹುದಿತ್ತು. ಅದು ಸೋಡಿಯಂ ಕರೆಂಟನ್ನು ತಡೆಯುವುದರಿಂದ ಹಿತ್ತಿಲಿಗೂ ಬೀಗ ಬೀಳುತ್ತದೆ. ಇಬುಟಿಲೈಡ್ ಎಂಬುದು ಇನ್ನೊಂದು ದಾರಿ. ಎರಡೂ ಸಣ್ಣ ಊರಿನ ಔಷಧಿ ಕಪಾಟಿನಲ್ಲಿ ಸಿಗುವಂಥವಲ್ಲ. ಶಾಕ್ ಮೆಷಿನ್ ಸಿಗಬಹುದು.

ಇದನ್ನು ಓದಿ, ಈ ಸಿಂಡ್ರೋಮ್ ಇರುವವರಿಗೆ ಅಂಥ ಮದ್ದು ಯಾವತ್ತೂ ಕೂಡದು ಎಂದುಕೊಂಡರೆ ತಪ್ಪು. ಇವರಿಗೆ ಹೆಚ್ಚಾಗಿ ಬರುವುದು ಬೇರೆಯೇ ಓಟ: ಕರೆಂಟು ಮುಂಬಾಗಿಲಿನಿಂದ ಇಳಿದು ಹಿತ್ತಿಲಿನಿಂದ ಹತ್ತಿ ಮತ್ತೆ ಮುಂಬಾಗಿಲಿಗೆ ಬರುವ ಸುತ್ತಾಟ. ಇಸಿಜಿಯಲ್ಲಿ ಗೆರೆಗಳು ಕಿರಿದಾಗಿ, ಗಡಿಯಾರದಷ್ಟು ಸಮನಾಗಿ ಓಡುತ್ತವೆ. ಅಲ್ಲಿ ಮುಂಬಾಗಿಲನ್ನು ಕ್ಷಣಕಾಲ ಮುಚ್ಚಿದರೆ ಸುತ್ತು ಕಡಿಯುತ್ತದೆ. ಅಡಿನೊಸಿನ್ ಅದನ್ನೇ ಮಾಡುತ್ತದೆ. ಆದರೆ ಅಡಿನೊಸಿನ್ ಕೆಲವರಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಎಬ್ಬಿಸುವುದುಂಟು, ಹಾಗಾಗಿ ಕೊಡುವಾಗ ಶಾಕ್ ಮೆಷಿನ್ ಪಕ್ಕದಲ್ಲೇ ಇರಬೇಕು. ಕಾಯಿಲೆಯ ಹೆಸರು ನೋಡಿ ಮದ್ದು ಆರಿಸುವುದಲ್ಲ, ಈ ಗಳಿಗೆಯ ಗೆರೆ ನೋಡಿ ಆರಿಸುವುದು.

ಹುಡುಗ ಆಸ್ಪತ್ರೆಯಿಂದ ಹೊರಡುವಾಗ ಡಾಕ್ಟರು ಎರಡೂ ಇಸಿಜಿಗಳ ನಕಲು ಅವನ ಕೈಗಿಡುತ್ತಾರೆ. ಮುಂದೆ ಯಾವ ಊರಲ್ಲಿ ಎದೆ ಓಡಿದರೂ ಅದನ್ನು ಮೊದಲು ತೋರಿಸಬೇಕು, ಫೋನಿನಲ್ಲೂ ಒಂದು ಫೋಟೊ ಇಟ್ಟುಕೊಂಡಿರಬೇಕು. ಮುಂದಿನ ಹೆಜ್ಜೆ ಅಬ್ಲೇಷನ್. ತೊಡೆಸಂದಿಯ ರಕ್ತನಾಳದಿಂದ ತಂತಿ ಕೊಳವೆ ಸೇರಿಸಿ, ಆ ಎಳೆಯನ್ನು ಹುಡುಕಿ, ತುದಿಯ ಬಿಸಿಯಿಂದ ಸುಡುತ್ತಾರೆ. ಸರಿಯಾದ ಜಾಗಕ್ಕೆ ತಾಗಿದರೆ ಕೆಲವೇ ಸೆಕೆಂಡುಗಳಲ್ಲಿ ಪರದೆಯ ಮೇಲೆ ಆ ಓರೆ ಮಾಯವಾಗುತ್ತದೆ. ಎರಡು ಚೌಕವಿದ್ದ ಅಂತರ ಒಂದೇ ಬಡಿತದಿಂದ ಇನ್ನೊಂದಕ್ಕೆ ನಾಲ್ಕು ಚೌಕವಾಗುತ್ತದೆ.